ನಮ್ಮ ಮನೆಯ ದುರಸ್ತಿ ಕ್ಯಾಲೆಂಡರ್, 2026

ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಕೆಲಸ ಮುಗಿಸಿದವರು ಪಕ್ಕದಲ್ಲೇ ತಾರೀಖು ಬರೆಯಿರಿ.

ಹೋದ ವರ್ಷ ಮೇ ತಿಂಗಳಲ್ಲಿ ಹಾಲ್‌ಗೆ ಬಣ್ಣ ಹೊಡೆಸಿದೆವು. ಜುಲೈನಲ್ಲಿ ಕಿಟಕಿ ಕೆಳಗೆ ಬಣ್ಣ ಗುಳ್ಳೆ ಎದ್ದಿತು. ಸೆಪ್ಟೆಂಬರ್‌ನಲ್ಲಿ ಗೆದ್ದಲಿನ ಔಷಧಿಗೆಂದು ಅದೇ ಗೋಡೆಯ ಬುಡದಲ್ಲಿ ಸಾಲಾಗಿ ತೂತು ಕೊರೆಸಿದೆವು. ಬಣ್ಣದ ದುಡ್ಡು ನೀರಿಗೆ ಹೋಯಿತು. ಅದಕ್ಕೇ ಈ ಸಲ ಮೊದಲು ಸೋರಿಕೆ ನಿಲ್ಲಿಸೋಣ, ಆಮೇಲೆ ಹುಳ, ಬಣ್ಣ ಎಲ್ಲಕ್ಕಿಂತ ಕೊನೆಗೆ.

ಜನವರಿ
ಫ್ರಿಜ್ ಹಿಂದಿನ ಧೂಳು ತೆಗೆಯುವುದು, ಪ್ಲಗ್ ಕಿತ್ತು. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರು ಬೇಡವೇ ಬೇಡ. ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲೂ ಬ್ಯಾಟರಿ ನೋಡಬೇಕು.

ಫೆಬ್ರವರಿ 22, ಭಾನುವಾರ
ಎರಡೂ ಎಸಿಗೆ ನೀರಿನ ಸರ್ವಿಸ್. ಬಿಸಿಲು ಏರಿದ ಮೇಲೆ ಕರೆದರೆ ಮೆಕ್ಯಾನಿಕ್ ಸಿಗುವುದು ಕಷ್ಟ. ಅವರು ಹೊರಡುವ ಮುಂಚೆ ಒಳಗಿನ ಟ್ರೇಗೆ ಒಂದು ಲೋಟ ನೀರು ಹಾಕಿಸಿ, ಪೈಪಿನಿಂದ ಹೊರಗೆ ಬರುತ್ತದಾ ನೋಡಿ. ಕಟ್ಟಿಕೊಂಡಿದ್ದರೆ ಆ ನೀರೇ ಗೋಡೆ ಮೇಲೆ ಇಳಿಯುವುದು. ಎಸಿ ಬಳಸುವ ತಿಂಗಳುಗಳಲ್ಲಿ ಜಾಲರಿ ತೊಳೆಯುವುದು ನಮ್ಮದೇ ಕೆಲಸ, 15 ದಿನಕ್ಕೊಮ್ಮೆ.

ಮಾರ್ಚ್
ಕುಡಿಯುವ ನೀರಿನ ಫಿಲ್ಟರ್ ಸರ್ವಿಸ್.

ಏಪ್ರಿಲ್ 12, ಭಾನುವಾರ: ಟ್ಯಾಂಕ್ ಮತ್ತು ಸಂಪ್
ಮೂರು ದಿನ ಮುಂಚೆಯಿಂದಲೇ ನೀರು ಕಡಿಮೆ ತುಂಬಿಸಿ, ಸುಮ್ನೆ ಚೆಲ್ಲುವುದು ಬೇಡ. ಶನಿವಾರ ರಾತ್ರಿ ಬಕೆಟ್‌ಗಳಲ್ಲಿ ನೀರು ಹಿಡಿದಿಡಿ. ಕೆಲಸ ಶುರುವಾಗುವ ಮುಂಚೆ ಮೋಟಾರ್‌ನ ಮೇನ್ ಸ್ವಿಚ್ ಆಫ್.

ಮೇಲಿನ 1,000 ಲೀಟರ್ ಟ್ಯಾಂಕ್ ನಾವೇ ತೊಳೆಯೋಣ. ಬ್ರಷ್‌ನಿಂದ ಉಜ್ಜಿ, ಕೆಸರು ತೆಗೆದು, ಎರಡು ಸಲ ತೊಳೆದು, ಮತ್ತೆ ತುಂಬಿಸಬೇಕು. 150 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಲ್ಲಿ ಕಲಸಿ, ಗಷ್ಟು ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಟ್ಯಾಂಕಿಗೆ ಸುರಿಯಿರಿ. ವಾಸನೆ ಬರುವ ತನಕ ಎಲ್ಲ ನಲ್ಲಿ ಬಿಟ್ಟು ನಿಲ್ಲಿಸಿ. ಕುಡಿಯುವ ನೀರಿನ ಫಿಲ್ಟರ್‌ಗೆ ಹೋಗುವ ನಲ್ಲಿ ಮಾತ್ರ ಮುಚ್ಚಿರಲಿ. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಪೂರ್ತಿ ಖಾಲಿ ಮಾಡಿ ತೊಳೆದು, ಹೊಸ ನೀರು. ಅಲ್ಲಿಯವರೆಗೆ ಆ ನೀರನ್ನು ಯಾರೂ ಬಳಸಬಾರದು. ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಸೇರಿಸಿದರೆ ವಿಷಗಾಳಿ ಏಳುತ್ತದೆ.

ಸಂಪ್‌ಗೆ ನಮ್ಮಲ್ಲಿ ಯಾರೂ ಇಳಿಯಬಾರದು. ಮುಚ್ಚಿದ ಸಂಪ್‌ನಲ್ಲಿ ಉಸಿರಾಡುವ ಗಾಳಿ ಕಡಿಮೆ ಇರಬಹುದು, ಕಣ್ಣಿಗೆ ಕಾಣುವುದಿಲ್ಲ. ಗಾಳಿ ಹಾಯಿಸುವ ಯಂತ್ರ ತರುವವರನ್ನೇ ಕರೆಸಿ, ಒಬ್ಬರು ಮೇಲೆ ನಿಂತಿರಲೇಬೇಕು. ಯಾಕಂದ್ರೆ ಕೂಲಿಗೆ ಬಂದವರ ಜೀವವೂ ಜೀವವೇ ಅಲ್ವಾ.

ಮೇ
ತಾರಸಿ. ಮಳೆನೀರಿನ ಪೈಪುಗಳ ಬಾಯಿಯಿಂದ ಎಲೆ ತೆಗೆದು, ಬಿರುಕು ಮುಚ್ಚಿಸುವುದು. ಕಿಟಕಿ ಸಜ್ಜಾ ಮೇಲಿನ ಬಿರುಕು ಮರೆಯಬೇಡಿ, ಹೋದ ವರ್ಷ ನೀರು ಇಳಿದದ್ದು ಅಲ್ಲಿಂದಲೇ.

ಜೂನ್‌ನಿಂದ ಆಗಸ್ಟ್
ಬಣ್ಣದ ಮಾತೇ ಬೇಡ. ಗೋಡೆ ಒದ್ದೆಯಾದರೆ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಒದ್ದೆ ಗೆರೆ ದಾಟಿದರೆ ಸೋರಿಕೆ ಇನ್ನೂ ನಿಂತಿಲ್ಲ ಅಂತ ತಿಳಿಯಿರಿ.

ಪ್ರತಿ ಭಾನುವಾರ ಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಹಳೇ ಡಬ್ಬಗಳ ನೀರು ಚೆಲ್ಲಿ, ಒಳಭಾಗ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ಪಾತ್ರೆಯ ಅಂಚಿಗೇ ಅಂಟಿರುತ್ತದೆ, ಬರೀ ಚೆಲ್ಲಿದರೆ ಹೋಗುವುದಿಲ್ಲ.

ಸೆಪ್ಟೆಂಬರ್ 13 ಮತ್ತು ಅಕ್ಟೋಬರ್ 4: ಹುಳ
ಅಜ್ಜಿಗೆ ಉಬ್ಬಸ ಇರುವುದರಿಂದ ಅಡುಗೆಮನೆಗೆ ಸ್ಪ್ರೇ ಬೇಡ, ಜಿರಳೆಗೆ ಜೆಲ್ ಸಾಕು. ಜೆಲ್ ಹಚ್ಚಿದ ಜಾಗ ಒರೆಸಬೇಡಿ, ಅದರ ಮೇಲೆ ಸ್ಪ್ರೇ ಹೊಡೆದರೆ ಜಿರಳೆ ಹತ್ತಿರವೇ ಬರುವುದಿಲ್ಲ. ಮೊದಲ ಸಲ ಮೊಟ್ಟೆಯಲ್ಲಿದ್ದ ಮರಿಗಳು ಆಮೇಲೆ ಹೊರಬರುತ್ತವೆ, ಅದಕ್ಕೇ ಎರಡನೇ ಸುತ್ತು.

ಅದಕ್ಕೂ ಮುಂಚೆ, ಆಗಸ್ಟ್ ಕೊನೆಯಲ್ಲಿ, ಬಾಗಿಲ ಚೌಕಟ್ಟು ಮತ್ತು ಗೋಡೆಯ ಬುಡ ಟಾರ್ಚ್ ಹಾಕಿ ನೋಡಿ. ಮಣ್ಣಿನ ಗೆರೆ ಕಂಡರೆ ಒರೆಸಬೇಡಿ, ಕೆಲಸದವರಿಗೆ ತೋರಿಸಿ. ಕೊರೆದ ತೂತುಗಳೆಲ್ಲ ಬಣ್ಣಕ್ಕೆ ಮುಂಚೆ ಮುಚ್ಚಿರಬೇಕು.

ಅಕ್ಟೋಬರ್ 11, ಭಾನುವಾರ
ಟ್ಯಾಂಕ್ ಮತ್ತೊಮ್ಮೆ, ಏಪ್ರಿಲ್‌ನಂತೆಯೇ. ತೊಳೆದ ನೀರು ಹೊರಗೋಡೆ ಮೇಲೆ ಇಳಿಯುತ್ತದೆ, ಹಾಗಾಗಿ ಬಣ್ಣಕ್ಕೆ ಮುಂಚೆ. ಅದೇ ವಾರ ಗೀಸರ್ ಸರ್ವಿಸ್, ಒಳಗಿನ ಉಪ್ಪಿನ ಗಸಿ ತೆಗೆಸಬೇಕು. ಕುಡಿಯುವ ನೀರಿನ ಫಿಲ್ಟರ್‌ಗೂ ಇದೇ ತಿಂಗಳು.

ನವೆಂಬರ್: ಬಣ್ಣ
ಈ ವರ್ಷ ಹಾಲ್ ಮತ್ತು ಪಡುವಣ ಹೊರಗೋಡೆ. ಮಿಕ್ಕ ಕೋಣೆಗಳು ಮುಂದಿನ ವರ್ಷ.

ನವೆಂಬರ್ 7, ಶನಿವಾರ: ಪೆನ್ಸಿಲ್ ಗೆರೆ ಇದ್ದ ಕಡೆ ಒಂದು ಅಡಿ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸುವುದು. ಭಾನುವಾರ ತೆಗೆದಾಗ ಹಾಳೆಯ ಗೋಡೆ ಕಡೆಯ ಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ. ಬಣ್ಣದವರನ್ನು ಎರಡು ವಾರ ಮುಂದಕ್ಕೆ ಹಾಕಿ, ಅವರು ಎಷ್ಟೇ ಅವಸರ ಮಾಡಿದರೂ.

ಡಿಸೆಂಬರ್
ಉಳಿದ ಬಣ್ಣದ ಡಬ್ಬದ ಮೇಲೆ ಯಾವ ಗೋಡೆ, ಶೇಡ್ ನಂಬರ್, ತಾರೀಖು ಬರೆದು ಮೆಟ್ಟಿಲ ಕೆಳಗೆ ಇಡಿ. ಮುಚ್ಚಳ ಗಟ್ಟಿಯಾಗಿ ಒತ್ತಿರಿ.