ಸುಮಾ ಸಿಕ್ಕಳು

ಮೊದಲ ಫೋಟೊದಲ್ಲಿ ಎಡಗಡೆ ಇರುವವಳು ಸುಮಾ. ಪಕ್ಕದಲ್ಲಿ ಅತ್ತು ಕಣ್ಣು ಕೆಂಪಾಗಿರುವವಳು ನಾನು. ಹಿಂದೆ ಕಾಣುತ್ತಿರುವುದು ಬುಲ್ ಟೆಂಪಲ್ ರಸ್ತೆ, ಇವತ್ತು ಸಂಜೆಯ ಕಡಲೆಕಾಯಿ ಪರಿಷೆ. ನಾವಿಬ್ಬರೂ ಕೊನೆಯ ಸಲ ಒಟ್ಟಿಗೆ ಈ ಪರಿಷೆ ಸುತ್ತಿದ್ದು 1994ರ ಕಾರ್ತಿಕದಲ್ಲಿ. ಆಗ ಏಳನೇ ತರಗತಿ. ಬರಹ ಉದ್ದವಾಗಿದೆ, ಗೊತ್ತು. ಎರಡು ಸಾಲಿನಲ್ಲಿ ಮುಗಿಸಲು ಮನಸ್ಸು ಒಪ್ಪಲಿಲ್ಲ.

ಗಾಂಧಿ ಬಜಾರಿನ ಹಿಂದಿನ ಒಂದು ವಠಾರದಲ್ಲಿ ನಮ್ಮ ಮನೆಗಳಿದ್ದವು. ಆರು ಮನೆ, ಒಂದು ನಲ್ಲಿ. ನಮ್ಮ ಅಡುಗೆಮನೆಗೂ ಅವರ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಸುಮಾಳ ಅಮ್ಮ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಆ ಗೋಡೆಯನ್ನು ಮೂರು ಸಲ ತಟ್ಟಿದರೆ ‘ಹೊರಗೆ ಬಾ’ ಎಂದರ್ಥ. ಶಾಲೆಯಲ್ಲಿ ಬೆಳಿಗ್ಗೆ ಕರಿಹಲಗೆಯ ಮೇಲೆ ಸುಭಾಷಿತ ಬರೆಯುವ ಕೆಲಸ ಅವಳದು. ಅಷ್ಟು ಚೆಂದದ ಅಕ್ಷರ. ಒಂದೇ ಒಂದು ದೋಷವಿತ್ತು. ಅವಳ ‘ಳ’ ಅಕ್ಷರದ ಕೊನೆಯ ಎಳೆ ನಿಲ್ಲಬೇಕಾದಲ್ಲಿ ನಿಲ್ಲದೆ ಪಕ್ಕದ ಅಕ್ಷರದ ಕೆಳಗೆ ಹೋಗಿ ಮಲಗಿಬಿಡುತ್ತಿತ್ತು. ಕನ್ನಡ ಮೇಷ್ಟ್ರು ತಿದ್ದಿ ತಿದ್ದಿ ಸೋತು, ಕೊನೆಗೆ ‘ಅದು ಹಾಗೆಯೇ ಇರಲಿ ಬಿಡು’ ಎಂದಿದ್ದರು.

1995ರ ಬೇಸಿಗೆಯಲ್ಲಿ ಅವಳ ಅಪ್ಪನಿಗೆ ಬೆಳಗಾವಿಗೆ ವರ್ಗವಾಯಿತು. ಲಾರಿ ಬಂತು, ಸಾಮಾನು ಹೋಯಿತು. ಆ ರಾತ್ರಿ ನಾನು ಗೋಡೆ ತಟ್ಟಿದೆ.

ಆಮೇಲೆ ಅವಳಿಂದ ನಾಲ್ಕು ಪತ್ರಗಳು ಬಂದವು. ನಾನು ಬರೆದದ್ದು ಮೂರು. ನಾಲ್ಕನೆಯ ಪತ್ರದಲ್ಲಿ ಅವಳು, ‘ಅಮ್ಮನಿಗೆ ತುಂಬಾ ಹುಷಾರಿಲ್ಲ ಕಣೇ, ಆಸ್ಪತ್ರೆಯಲ್ಲಿದ್ದಾಳೆ’ ಎಂದು ಬರೆದಿದ್ದಳು. ಹದಿಮೂರು ವರ್ಷದ ನನಗೆ ಅದಕ್ಕೆ ಏನು ಉತ್ತರ ಬರೆಯಬೇಕೆಂದು ತಿಳಿಯಲಿಲ್ಲ. ಒಂದು ಇನ್‌ಲ್ಯಾಂಡಿನಲ್ಲಿ ಏನೋ ಬರೆದೆ. ಓದಿದರೆ ಎಲ್ಲವೂ ತಪ್ಪು ಎನ್ನಿಸಿತು. ನಾಳೆ ಸರಿಯಾಗಿ ಬರೆಯೋಣ ಎಂದು ಅಟ್ಲಾಸಿನೊಳಗೆ ಇಟ್ಟೆ. ಆ ನಾಳೆ ಬರಲಿಲ್ಲ. ಮರುವರ್ಷ ನಾವೂ ವಠಾರ ಬಿಟ್ಟು ಬನಶಂಕರಿ ಎರಡನೇ ಹಂತಕ್ಕೆ ಬಂದೆವು. ನಂತರ ಅವಳು ಬರೆದಿದ್ದರೂ ಅದು ಬಂದು ಬಿದ್ದಿರುವುದು ಬೇರೆ ಯಾರದೋ ಬಾಗಿಲಿಗೆ.

ಹುಡುಕಲಿಲ್ಲ ಎಂದಲ್ಲ. ಆರ್ಕುಟ್ ಇದ್ದ ಕಾಲದಿಂದ ಹುಡುಕಿದ್ದೇನೆ. 2014ರಲ್ಲಿ ಅದು ಮುಚ್ಚಿದ ಮೇಲೆ ಫೇಸ್‌ಬುಕ್ಕಿನಲ್ಲಿ ಹುಡುಕಿದೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಹುಡುಕುವುದು ಎಷ್ಟು ಕಷ್ಟವೆಂದು ಆಗಲೇ ನನಗೆ ತಿಳಿದದ್ದು. ಹಾಜರಿ ಪುಸ್ತಕದಲ್ಲಿದ್ದ ಇನಿಷಿಯಲ್ಲು ಮದುವೆಯಾದ ಮೇಲೆ ಉಳಿಯುವುದಿಲ್ಲ, ಅದರ ಜಾಗಕ್ಕೆ ಗಂಡನ ಹೆಸರು ಬಂದು ಕೂರುತ್ತದೆ. ಮುಖ ನೋಡೋಣವೆಂದರೆ ಫೋಟೊ ಇರುವ ಕಡೆ ಮಕ್ಕಳು, ಇಲ್ಲವೇ ದೇವರು. ಸುಮಾ ಎಂದರೆ ಹೂವು ತಾನೇ? ಎಷ್ಟು ಸುಮಾಗಳು ದಾಸವಾಳವನ್ನೋ ಗುಲಾಬಿಯನ್ನೋ ಹಾಕಿಕೊಂಡಿದ್ದಾರೆಂದರೆ, ಒಂದೊಂದು ಹೂವನ್ನೂ ‘ನೀನಾ?’ ಎಂದು ಕೇಳುವಂತಾಗಿತ್ತು. ಕೆಲವರನ್ನು ನಿಜವಾಗಿಯೂ ಕೇಳಿದೆ. ಇಬ್ಬರು ‘ನಾನಲ್ಲ, ಆದರೆ ನಿಮಗೆ ಅವರು ಸಿಗಲಿ’ ಎಂದು ಉತ್ತರಿಸಿದರು. ಆ ಇಬ್ಬರು ಅಪರಿಚಿತ ಸುಮಾಗಳಿಗೆ ಇವತ್ತು ನನ್ನ ನಮಸ್ಕಾರ.

ಈ ನವೆಂಬರ್ 1ರಂದು ನನ್ನ ಸಹೋದ್ಯೋಗಿ ತಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ಚಿತ್ರಗಳನ್ನು ಹಾಕಿದ್ದರು. ಹಳದಿ ಕೆಂಪು ಬಾವುಟ, ಮಕ್ಕಳು, ಭುವನೇಶ್ವರಿಯ ಪಟ. ಅದರ ಪಕ್ಕದಲ್ಲಿ ಒಂದು ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ‘ಎಳೆಯರಿಗೆಲ್ಲ ಶುಭಾಶಯಗಳು’ ಎಂದು ಬರೆದಿತ್ತು. ನಾನು ಚಿತ್ರವನ್ನು ದೊಡ್ಡದು ಮಾಡಿದೆ. ಮೊದಲ ‘ಳೆ’ಯ ಎಳೆ ‘ಯ’ದ ಕೆಳಗೆ ಮಲಗಿತ್ತು. ಕೊನೆಯ ‘ಳು’ವಿನ ಎಳೆಗೆ ಪಕ್ಕದಲ್ಲಿ ಅಕ್ಷರವೇ ಇಲ್ಲ, ಆದರೂ ಅದು ಕಾಲು ಚಾಚಿತ್ತು.

ಬಸ್ಸಿನಲ್ಲಿ ನಿಂತಿದ್ದೆ. ಕೈ ನಡುಗಿ ಮೊಬೈಲ್ ಬೀಳಿಸಿದೆ.

‘ಇದನ್ನು ಬರೆದವರು ಯಾರು?’ ಎಂದು ಕೇಳಿದೆ. ‘ನಮ್ಮ ಬ್ಲಾಕಿನ ಸುಮಾ ಆಂಟಿ, ಯಾಕೆ?’ ಎಂದರು. ಆಂಟಿಯಂತೆ! ಅವಳ ಖಾತೆಯ ಕೊಂಡಿ ಕಳಿಸಿದರು. ಅಲ್ಲಿಯೂ ಹೂವಿನ ಚಿತ್ರವೇ, ಸಂಪಿಗೆ. ಆ ಸಂಪಿಗೆಯನ್ನು ನಾನು ಹಿಂದೆ ಎಷ್ಟು ಸಲ ದಾಟಿ ಹೋಗಿದ್ದೆನೋ. ಬರೆಯಲು ಮಾತು ಹೊಳೆಯದೆ ಇಷ್ಟೇ ಕಳಿಸಿದೆ: ‘ಗೋಡೆ ತಟ್ಟುತ್ತಿದ್ದೇನೆ. ಮೂರು ಸಲ.’

ಹತ್ತು ನಿಮಿಷಕ್ಕೆ ಉತ್ತರ ಬಂತು: ‘ಗೀತಾ?’

ಅವಳು ಹನ್ನೊಂದು ವರ್ಷದಿಂದ ವಿಜಯನಗರದಲ್ಲಿದ್ದಾಳೆ. ಇದೇ ಬೆಂಗಳೂರಿನಲ್ಲಿ! ಅವಳದು ನೇರಳೆ ಮಾರ್ಗ, ನನ್ನದು ಹಸಿರು ಮಾರ್ಗ. ಇಬ್ಬರೂ ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಬದಲಾಯಿಸುವವರು. ಒಂದೇ ಎಸ್ಕಲೇಟರಿನಲ್ಲಿ ಅವಳು ಹತ್ತುವಾಗ ನಾನು ಇಳಿದಿರಬಹುದು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಇವತ್ತು ಕಾರ್ತಿಕದ ಕಡೆಯ ಸೋಮವಾರ. ಬೇರೆ ದಿನ ಗೊತ್ತು ಮಾಡುವ ಪ್ರಶ್ನೆಯೇ ಬರಲಿಲ್ಲ. ನ್ಯಾಷನಲ್ ಕಾಲೇಜು ನಿಲ್ದಾಣದ ಮೆಟ್ಟಿಲ ಬಳಿ ನಿಂತಿದ್ದೆ. ಸುಮಾ ಬಂದಳು. ಕೂದಲು ಅರ್ಧ ಬೆಳ್ಳಗಾಗಿದೆ, ಮಾತಿಗೆ ಬೆಳಗಾವಿಯ ರಾಗ ಸೇರಿದೆ. ನಡಿಗೆ ಮಾತ್ರ ಹಾಗೆಯೇ, ಎಡಗಾಲು ತುಸು ಹೊರಗೆ. ಇಬ್ಬರೂ ಕೈ ಹಿಡಿದುಕೊಂಡೇ ದೊಡ್ಡ ಗಣಪತಿಯ ತನಕ ನಡೆದೆವು. ಹಸಿ, ಹುರಿದದ್ದು, ಬೇಯಿಸಿದ್ದು ಎಲ್ಲ ರಾಶಿ ರಾಶಿ. ಕಡ್ಲೆಪುರಿ, ಬತ್ತಾಸು, ಬಳೆ, ರಾಟೆ. ಜನ ತಳ್ಳಿದ ಕಡೆಗೆ ಹೋಗುವುದು, ಸಿಪ್ಪೆಯನ್ನು ಕಾಲಿನಿಂದ ಮುರಿಯುತ್ತಾ ನಡೆಯುವುದು. ಅದೇ ಸದ್ದು.

ಬ್ಯೂಗಲ್ ರಾಕಿನ ಬಂಡೆಯ ಮೇಲೆ ಕೂತಾಗ ಅವಳು ಹೇಳಿದಳು. ಆ ಪತ್ರ ಬರೆದ ಎರಡು ವಾರಕ್ಕೆ ಅಮ್ಮ ಹೋದರಂತೆ. ನಾನು ಇಪ್ಪತ್ತೊಂಬತ್ತು ವರ್ಷದಿಂದ ಅವರು ಬೆಳಗಾವಿಯಲ್ಲಿ ಒಗ್ಗರಣೆ ಹಾಕುತ್ತಿದ್ದಾರೆಂದೇ ಅಂದುಕೊಂಡಿದ್ದೆ. (ಇದನ್ನು ಬರೆಯಬಹುದೇ ಎಂದು ಸುಮಾಳನ್ನು ಕೇಳಿಯೇ ಬರೆದಿದ್ದೇನೆ.)

ಎರಡನೆಯ ಫೋಟೊದಲ್ಲಿರುವ ನೀಲಿ ಕಾಗದ ಅದೇ ಇನ್‌ಲ್ಯಾಂಡು. ಮೂರು ಮನೆ ಬದಲಾಯಿಸಿದಾಗಲೂ ಆ ಅಟ್ಲಾಸನ್ನು ನಾನು ಬಿಟ್ಟು ಬಂದಿಲ್ಲ. ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಲೇ ಚೀಲದಿಂದ ತೆಗೆದು ಅವಳ ಕೈಗಿಟ್ಟೆ, ಕ್ಷಮೆ ಕೇಳಿದೆ. ಅವಳು ಬೀದಿದೀಪದ ಬೆಳಕಿಗೆ ಹಿಡಿದು ಓದಿದಳು. ಒಂದು ಸಾಲನ್ನು ಗಟ್ಟಿಯಾಗಿ ಓದಿದಳು: ‘ಅಮ್ಮ ಹುಷಾರಾದ ಮೇಲೆ ಎಲ್ಲರೂ ಪರಿಷೆಗೆ ಬನ್ನಿ. ನಿಮ್ಮಮ್ಮನಿಗೆ ಅಂತ ಒಂದು ಸೇರು ತೆಗೆದಿಟ್ಟಿರುತ್ತೇನೆ.’

ಇಬ್ಬರೂ ಅತ್ತೆವು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಏನೂ ಕೇಳದೆ ನೀರಿನ ಬಾಟಲಿ ಕೊಟ್ಟರು.

ಕೆಳಗಿಳಿದು ಮೊದಲು ಸಿಕ್ಕ ರಾಶಿಯ ಮುಂದೆ ನಿಂತು ನಾನು ಒಂದು ಸೇರು ಹಸಿ ಕಡಲೆಕಾಯಿ ಕೊಂಡೆ. ಸುಮಾ ಅದನ್ನು ಬೇರೆಯದರ ಜೊತೆ ಸೇರಿಸಲಿಲ್ಲ. ಸೆರಗಿನ ತುದಿಗೆ ಹಾಕಿಕೊಂಡು ಗಂಟು ಕಟ್ಟಿದಳು, ಅವಳ ಅಮ್ಮ ಕಟ್ಟುತ್ತಿದ್ದ ಹಾಗೆ.

ನಿಲ್ದಾಣದಲ್ಲಿ ಬೀಳ್ಕೊಡುವಾಗ ಇನ್‌ಲ್ಯಾಂಡನ್ನು ಮಡಿಕೆಯಂತೆಯೇ ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ‘ಇದಕ್ಕೆ ಉತ್ತರ ಬರೆಯಬೇಕು. ವಿಳಾಸ ಕೊಡು’ ಎಂದಳು. ‘ಮೊಬೈಲಿಗೆ ಕಳಿಸುತ್ತೇನೆ’ ಎಂದೆ. ‘ಬೇಡ, ಹೇಳು, ನಾನೇ ಬರೆದುಕೊಳ್ಳುತ್ತೇನೆ.’ ಕಡಲೆಕಾಯಿಯ ಪೊಟ್ಟಣದ ಕಾಗದದ ಮೇಲೆ ನನ್ನ ಹೆಸರು ಬರೆದಳು. ನಾನು ಬಾಯಿ ತೆರೆಯುವ ಮೊದಲೇ ವಠಾರದ ಮನೆಯ ನಂಬರು, ಅಡ್ಡರಸ್ತೆ, ಬೆಂಗಳೂರು 560004 ಎಂದು ಪೂರ್ತಿ ಬರೆದು ಮುಗಿಸಿದ್ದಳು. ಆಮೇಲೆ ಅದನ್ನು ನೋಡಿ ನಕ್ಕು, ಹೊಡೆದುಹಾಕದೆ, ಕೆಳಗೆ ಹೊಸದನ್ನು ಬರೆಯಲು ಜಾಗ ಮಾಡಿಕೊಂಡಳು.

ಮೂರನೆಯ ಫೋಟೊ ಆ ಕಾಗದದ್ದೇ. ವಿಳಾಸ ಮುಚ್ಚಿದ್ದೇನೆ. ‘ಬೆಂಗಳೂರು’ ಎಂಬುದರ ‘ಳೂ’ ನೋಡಿ.