ಅನುಭವ ಪತ್ರ, ಬಿಡುಗಡೆ ಪತ್ರ ಮತ್ತು ಬಾಕಿ ಪಗಾರ ತಡೆಹಿಡಿದಿರುವ ಬಗ್ಗೆ

ಕಲಬುರಗಿ
9 ಫೆಬ್ರವರಿ 2026

ಇವರಿಂದ: ಶರಣಬಸಪ್ಪ, ಹಿಂದಿನ ಅಕೌಂಟೆಂಟ್, ಸಿಬ್ಬಂದಿ ಸಂಖ್ಯೆ 47

ಇವರಿಗೆ: ಮಾಲೀಕರು, ದಾಲ್ ಮಿಲ್, ಕಪನೂರ ಕೈಗಾರಿಕಾ ಪ್ರದೇಶ, ಕಲಬುರಗಿ

(ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಮೂಲಕ)

ಮಾನ್ಯ ಮಾಲೀಕರಿಗೆ ಶರಣು.

ನಾನು 3 ಆಗಸ್ಟ್ 2022ರಿಂದ 31 ಡಿಸೆಂಬರ್ 2025ರವರೆಗೆ ತಮ್ಮ ಮಿಲ್ಲಿನಲ್ಲಿ ಅಕೌಂಟೆಂಟ್ ಆಗಿದ್ದೆ. 1 ಡಿಸೆಂಬರ್ 2025ರಂದು ರಾಜೀನಾಮೆ ಕೊಟ್ಟೆ. ಕೊನೆಯ ದಿನ ಡಿಸೆಂಬರ್ 31 ಎಂದು ಅದರಲ್ಲೇ ಬರೆದಿತ್ತು. ತಾವು ಅದೇ ದಿನ ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಎಂದು ಸಹಿ ಹಾಕಿದ್ದೀರಿ. ಮುಂದಿನ 30 ದಿನ ಯಾರೂ ತಕರಾರು ತೆಗೆಯಲಿಲ್ಲ. ಡಿಸೆಂಬರ್ 15ಕ್ಕೆ ಹೊಸ ಅಕೌಂಟೆಂಟ್ ಬಂದು ನನ್ನ ಪಕ್ಕದಲ್ಲೇ ಕುಳಿತು ಕೆಲಸ ಕಲಿತರು. ನೋಟಿಸ್ ಅವಧಿ 90 ದಿನ, 59 ದಿನ ಕಡಿಮೆ ಬಿದ್ದಿದೆ, 60,967 ರೂಪಾಯಿ ಕಟ್ಟುವವರೆಗೆ ಕಾಗದಪತ್ರ ಕೊಡುವುದಿಲ್ಲ ಎಂಬ ಇಮೇಲ್ ಬಂದದ್ದು ಜನವರಿ 6ರಂದು, ನಾನು ಕೆಲಸ ಬಿಟ್ಟ ಮೇಲೆ.

ನೇಮಕಾತಿ ಪತ್ರದ 11ನೇ ಕಲಂ ಹೀಗಿದೆ: “ಎರಡೂ ಕಡೆಯವರು 30 ದಿನ ಮುಂಚಿತವಾಗಿ ಲಿಖಿತವಾಗಿ ತಿಳಿಸಬೇಕು, ತಪ್ಪಿದಲ್ಲಿ ಕಡಿಮೆ ಬಿದ್ದ ದಿನಗಳ ಮೂಲ ವೇತನ ಕೊಡಬೇಕು.” ಇದರ ಮೇಲೆ ನಮ್ಮಿಬ್ಬರ ಸಹಿ ಇದೆ. 90 ದಿನದ ಮಾತು ಬಂದದ್ದು 10 ಮಾರ್ಚ್ 2025ರ ಸುತ್ತೋಲೆಯಲ್ಲಿ. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲಾಗಿತ್ತೇ ಹೊರತು ನನ್ನ ಒಪ್ಪಿಗೆ ಕೇಳಿರಲಿಲ್ಲ, ಸಹಿಯನ್ನೂ ಪಡೆದಿರಲಿಲ್ಲ. ಇಬ್ಬರು ಒಪ್ಪಿ ಮಾಡಿಕೊಂಡ ಕರಾರನ್ನು ಒಬ್ಬರೇ ಬದಲಿಸಲು ಬರುವುದಿಲ್ಲ. ಆ ಸುತ್ತೋಲೆಯ ನಂತರ ಜುಲೈನಲ್ಲಿ ಬಿಟ್ಟ ಲೋಡಿಂಗ್ ಸೂಪರ್‌ವೈಸರ್‌ಗೆ 30 ದಿನಕ್ಕೇ ಬಿಡುಗಡೆ ಪತ್ರ ಸಿಕ್ಕಿದೆ. ಅದನ್ನು ಟೈಪ್ ಮಾಡಿದವನು ನಾನೇ.

ಹೊಸ ತೊಗರಿ ಮಾರುಕಟ್ಟೆಗೆ ಬರುವ ಹಂಗಾಮಿನಲ್ಲಿ ಅಕೌಂಟೆಂಟ್ ಬಿಟ್ಟರೆ ಖರೀದಿ ಲೆಕ್ಕಕ್ಕೆ ತೊಂದರೆ ಎಂಬುದು ನನಗೂ ಗೊತ್ತು. ಅದಕ್ಕೇ ಯಾವುದನ್ನೂ ಅರ್ಧಕ್ಕೆ ಬಿಟ್ಟು ಹೋಗಿಲ್ಲ. ಜಿಎಸ್‌ಟಿಆರ್-9 ಸಲ್ಲಿಸಿ ಸ್ವೀಕೃತಿಯನ್ನು ಫೈಲಿಗೆ ಹಾಕಿದ್ದೇನೆ. ನೆಹರೂ ಗಂಜಿನ ಅಡತಿ ಅಂಗಡಿಗಳ ಬಾಕಿ ಪಟ್ಟಿ, ಟ್ಯಾಲಿ ಬ್ಯಾಕಪ್, ಇ-ವೇ ಬಿಲ್ ಲಾಗಿನ್, ಎರಡು ಚೆಕ್ ಪುಸ್ತಕ, ಗೋದಾಮಿನ ಕೀಲಿಕೈ, ಲ್ಯಾಪ್‌ಟಾಪ್ ಎಲ್ಲವನ್ನೂ ಡಿಸೆಂಬರ್ 30ರಂದು ಒಪ್ಪಿಸಿ ಮ್ಯಾನೇಜರ್ ಸಾಹೇಬರ ಸಹಿ ಪಡೆದಿದ್ದೇನೆ.

ಇನ್ನು ಹಣದ ಲೆಕ್ಕ. ಡಿಸೆಂಬರ್ ಪಗಾರ 31,000. ಅದರಲ್ಲಿ ಪಿಎಫ್ 2,160 ಮತ್ತು ವೃತ್ತಿ ತೆರಿಗೆ 200 ಕಳೆದರೆ 28,640. ಉಳಿದ 14 ಗಳಿಕೆ ರಜೆಗೆ ದಿನಕ್ಕೆ 600ರಂತೆ 8,400. ಒಟ್ಟು 37,040 ರೂಪಾಯಿ ತಮ್ಮಿಂದ ನನಗೆ ಬರಬೇಕು. ಒಂದು ಮಾತಿಗೆ 90 ದಿನ ಸರಿ ಎಂದೇ ಇಟ್ಟುಕೊಳ್ಳೋಣ. ಆಗಲೂ 11ನೇ ಕಲಮಿನ ಪ್ರಕಾರ ಮೂಲ ವೇತನ 18,000ದ ಮೇಲೆ 59 ದಿನಕ್ಕೆ ಆಗುವುದು 35,400. ತಮ್ಮ ಇಮೇಲ್‌ನಲ್ಲಿ ಪೂರ್ತಿ ಪಗಾರ ಹಿಡಿದು ಲೆಕ್ಕ ಹಾಕಿದ್ದರಿಂದ 60,967 ಬಂದಿದೆ. 35,400 ಮುರಿದುಕೊಂಡರೂ ನನಗೇ 1,640 ರೂಪಾಯಿ ಕೊಡಬೇಕಾಗುತ್ತದೆ. ನನ್ನ ಕಡೆಯಿಂದ ಬಾಕಿಯೇ ಇಲ್ಲದಾಗ ಯಾವುದಕ್ಕೆಂದು ಪತ್ರ ತಡೆಹಿಡಿದಿದ್ದೀರಿ? ಮೇಲಾಗಿ ವೇತನ ಸಂಹಿತೆ 2019ರ ಕಲಂ 17(2)ರಂತೆ ರಾಜೀನಾಮೆ ಕೊಟ್ಟವರ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಆ ಗಡುವು ಜನವರಿಯ ಮೊದಲ ವಾರದಲ್ಲೇ ಮುಗಿದಿದೆ. (ಐದು ವರ್ಷ ತುಂಬದ ಕಾರಣ ಗ್ರಾಚ್ಯುಟಿ ಕೇಳುತ್ತಿಲ್ಲ.)

ನೋಟಿಸ್ ದಿನಗಳ ಜಗಳ ಬೇಕಾದರೆ ಹಣದ ಜಗಳವಾಗಿ ಬೇರೆ ನಡೆಯಲಿ. ನಾನು ಮೂರು ವರ್ಷ ಐದು ತಿಂಗಳು ಅಲ್ಲಿ ದುಡಿದದ್ದು ಅದರಿಂದ ಬದಲಾಗುವುದಿಲ್ಲ. ಅನುಭವ ಪತ್ರದಲ್ಲಿ ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ, ಮಾಡಿದ ಕೆಲಸ ಇದ್ದರೆ ಸಾಕು, ಹೊಗಳಿಕೆ ಬೇಡ. ಬಿಡುಗಡೆ ಪತ್ರದಲ್ಲಿ ‘31 ಡಿಸೆಂಬರ್ 2025ರ ಕೆಲಸದ ಅವಧಿ ಮುಗಿದ ನಂತರ ಬಿಡುಗಡೆ’ ಎಂದಿರಲಿ. ‘ನೋಟಿಸ್ ಪೂರೈಸಿಲ್ಲ’ ಎಂಬ ಷರಾ ಇದ್ದರೆ ಅಂಥ ಪತ್ರವನ್ನು ಒಪ್ಪುವುದಿಲ್ಲ.

ಪಿಎಫ್ ಪೋರ್ಟಲ್‌ನಲ್ಲಿ ಬಿಟ್ಟ ದಿನಾಂಕ ಇನ್ನೂ ಖಾಲಿ ಇದೆ. ದಯವಿಟ್ಟು 31-12-2025 ಎಂದೇ ನಮೂದಿಸಿ. 90 ದಿನದ ಲೆಕ್ಕಕ್ಕೆ 28-02-2026 ಹಾಕಿದರೆ, ಜನವರಿ 5ರಂದು ಸೇರಿದ ಹೊಸ ಸಂಸ್ಥೆಯ ಸೇವಾ ಅವಧಿ ಅದರ ಮೇಲೆ ಬಿದ್ದು ಖಾತೆ ವರ್ಗಾವಣೆಗೆ ತೊಡಕಾಗುತ್ತದೆ. ಆಮೇಲೆ ತಿದ್ದಿಸಲು ಇಬ್ಬರೂ ಓಡಾಡಬೇಕು.

ಹೊಸ ಕಡೆ ಪತ್ರ ಒಪ್ಪಿಸಲು ಮಾರ್ಚ್ 5 ಕೊನೆಯ ದಿನ. ಆದ್ದರಿಂದ ಎರಡೂ ಪತ್ರ, 37,040 ರೂಪಾಯಿ ಮತ್ತು ಪಿಎಫ್ ನಮೂದು ಫೆಬ್ರವರಿ 24ರೊಳಗೆ ಆಗಬೇಕೆಂದು ಕೋರುತ್ತೇನೆ. ಆಗದಿದ್ದರೆ ಕಲಬುರಗಿಯ ಕಾರ್ಮಿಕ ಇಲಾಖೆಗೆ ಪಗಾರದ ಬಗ್ಗೆ, ಭವಿಷ್ಯನಿಧಿ ಕಚೇರಿಗೆ ದಿನಾಂಕದ ಬಗ್ಗೆ ದೂರು ಕೊಡುತ್ತೇನೆ. ಪತ್ರಗಳಿಗಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿ ಅರ್ಜಿ ಹಾಕುತ್ತೇನೆ. ಅದಕ್ಕೂ ಮುಂಚೆ ಕುಳಿತು ಮಾತಾಡುವುದಿದ್ದರೆ ಯಾವುದೇ ಭಾನುವಾರ ಮಿಲ್ಲಿಗೆ ಬರಲು ಸಿದ್ಧ. ಹಳೇ ಲೆಕ್ಕದಲ್ಲಿ ಏನಾದರೂ ಕೇಳಬೇಕಿದ್ದರೆ ಹೊಸ ಅಕೌಂಟೆಂಟ್ ಸಂಜೆ ಏಳರ ಮೇಲೆ ಫೋನ್ ಮಾಡಬಹುದು; ಅದಕ್ಕೂ ಈ ತಕರಾರಿಗೂ ಸಂಬಂಧ ಇಟ್ಟಿಲ್ಲ.

ಲಗತ್ತು: ನೇಮಕಾತಿ ಪತ್ರ, ಸಹಿಯಾದ ರಾಜೀನಾಮೆ ಪ್ರತಿ, ಡಿಸೆಂಬರ್ 30ರ ಒಪ್ಪಿಸುವ ಪಟ್ಟಿ, ಜನವರಿ 6ರ ಇಮೇಲ್.

ತಮ್ಮ ವಿಶ್ವಾಸಿ,
ಶರಣಬಸಪ್ಪ