ವಿಷಯ: ಗುರುವಾರದ ಸಂದರ್ಶನ ವಿಡಿಯೋ ಬದಲು ಫೋನಿನಲ್ಲಿ ಆಗಬಹುದಾ?

ನಮಸ್ಕಾರ ಮೇಡಂ,

ಹಾಸನ ಶಾಖೆಯ ಅಕೌಂಟೆಂಟ್ ಕೆಲಸಕ್ಕೆ ನನ್ನನ್ನು ಕರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಜುಲೈ 16, ಗುರುವಾರ ಬೆಳಗ್ಗೆ 11 ಗಂಟೆ ಅಂತ ನೀವು ಹಾಕಿದ ಮೇಲ್ ನಿನ್ನೆ ಸಂಜೆ ಸಿಕ್ಕಿತು. ದಿನ, ಸಮಯ ಎರಡೂ ನನಗೆ ಸರಿ, ರಜೆ ಕೂಡ ಹಾಕಿದ್ದೇನೆ. ಕೇಳಿಕೊಳ್ಳುವುದು ಒಂದೇ. ವಿಡಿಯೋ ಬದಲು ಮಾಮೂಲಿ ಫೋನ್ ಕಾಲ್‌ನಲ್ಲಿ ಸಂದರ್ಶನ ಮಾಡಲು ಆಗುತ್ತಾ?

ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದಿಂದ ಒಳಗೆ, ಕಾಫಿ ತೋಟದ ನಡುವೆ ಇದೆ. ಚಾರ್ಮಾಡಿ ಘಾಟಿ ಹತ್ತಿರವೇ ಇರುವುದರಿಂದ ಜುಲೈನಲ್ಲಿ ಇಲ್ಲಿ ಮಳೆ ಹೇಗಿರುತ್ತದೆ ಅಂತ ನಿಮಗೂ ಗೊತ್ತಿರಬಹುದು. ಇಂಟರ್‌ನೆಟ್ ಕೇಬಲ್ ಬರುವುದು ಕರೆಂಟ್ ಕಂಬದ ಮೇಲೇ, ತೋಟದ ಮರಗಳ ಕೆಳಗೆ. ಒಂದು ಕೊಂಬೆ ಬಿದ್ದರೆ ಕರೆಂಟೂ ಹೋಗುತ್ತದೆ, ನೆಟ್ಟೂ ಹೋಗುತ್ತದೆ, ಕರೆಂಟ್ ಸಂಜೆಗೆ ಬಂದರೂ ಕೇಬಲ್ ಜೋಡಿಸುವವರು ಬರುವುದಕ್ಕೆ ಇನ್ನೆರಡು ದಿನ ಬೇಕು. ಈ ವಾರ ಎರಡು ಸಲ ಹೀಗಾಯಿತು.

ನಿಮ್ಮ ಮೇಲ್ ನೋಡಿದ ಮೇಲೆ, ನೋಡೋಣ ಅಂತ ನಿನ್ನೆ ರಾತ್ರಿಯೇ ಚಿಕ್ಕಮಗಳೂರಿನಲ್ಲಿರುವ ಚಿಕ್ಕಮ್ಮನ ಮಗನಿಗೆ ವಿಡಿಯೋ ಕಾಲ್ ಮಾಡಿದೆ. ನಾಲ್ಕು ನಿಮಿಷ ಸರಿಯಿತ್ತು. ಆಮೇಲೆ ನನ್ನ ಮುಖ ನಿಂತೇ ಹೋಯಿತಂತೆ, ಮಾತು ಒಂದು ಕೇಳಿದರೆ ಎರಡು ಕೇಳುತ್ತಿರಲಿಲ್ಲ ಅಂದ. ಪರೀಕ್ಷೆ ಮಾಡಿದರೆ ಅಪ್‌ಲೋಡ್ ವೇಗ 0.3 ಎಂಬಿಪಿಎಸ್ ತೋರಿಸಿತು. ಅಷ್ಟರಲ್ಲಿ ಗೋಡೆ ಮೇಲಿನ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕಲು ಶುರುವಾಯಿತು, ಅಂದರೆ ಲೈನೇ ಹೋಯಿತು. ಈ ಮೇಲ್ ಈಗ ಬೆಳಗ್ಗೆ ಮೂಡಿಗೆರೆಗೆ ಬಂದು ಕಳಿಸುತ್ತಿದ್ದೇನೆ.

ಆದರೆ ಫೋನ್ ಕಾಲ್ ಚೆನ್ನಾಗಿ ಸಿಗುತ್ತದೆ. ನಮ್ಮ ಜಗಲಿಯ ಪೂರ್ವದ ಮೂಲೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಯಾವಾಗಲೂ ಇರುತ್ತದೆ, ತಮ್ಮ ಬೆಂಗಳೂರಿನಿಂದ ಅಲ್ಲಿಗೇ ಗಂಟೆಗಟ್ಟಲೆ ಮಾತಾಡುತ್ತಾನೆ. ವಿಡಿಯೋ ಆ್ಯಪ್‌ನಲ್ಲೇ ಕ್ಯಾಮೆರಾ ಆಫ್ ಮಾಡಿ ಮಾತಾಡಬಹುದಲ್ವಾ ಅಂತ ನೀವು ಕೇಳಬಹುದು. ಅದಕ್ಕೂ ನೆಟ್ಟೇ ಬೇಕು, ಅದು ಹೋದರೆ ಮಾತೂ ಹೋಗುತ್ತದೆ. ಅದಕ್ಕೇ ನಂಬರಿಗೆ ನೇರ ಕಾಲ್ ಮಾಡಿ ಅಂತ ಕೇಳುತ್ತಿರುವುದು.

ನಾನು ಕೆಲಸ ಮಾಡುವ ಮೂಡಿಗೆರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ನೆಟ್ ಚೆನ್ನಾಗಿಯೇ ಇದೆ. ಆದರೆ ಬೇರೆ ಕೆಲಸದ ಸಂದರ್ಶನವನ್ನು ಈಗಿನ ಯಜಮಾನರ ಕಂಪ್ಯೂಟರ್ ಮುಂದೆ ಕೂತು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಈ ನೆಟ್ ತೊಂದರೆಯಿಂದ ಮುಂದೆ ಕೆಲಸಕ್ಕೆ ಅಡ್ಡಿಯಾಗುತ್ತಾ ಅನ್ನುವ ಯೋಚನೆ ಬೇಡ. ಕೆಲಸ ಹಾಸನದ ಆಫೀಸಿನಲ್ಲೇ ಅಂತ ಜಾಹೀರಾತಿನಲ್ಲಿತ್ತು, ಸಿಕ್ಕರೆ ಅಲ್ಲೇ ರೂಮ್ ಮಾಡುತ್ತೇನೆ. ಮೂರು ವರ್ಷದಿಂದ ಈ ಅಂಗಡಿಯ ಟ್ಯಾಲಿ ಎಂಟ್ರಿ, ಬ್ಯಾಂಕ್ ತಾಳೆ, ಜಿಎಸ್‌ಟಿ ಎಲ್ಲಾ ನಾನೇ ನೋಡಿಕೊಳ್ಳುತ್ತಿದ್ದೇನೆ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಮಳೆಗಾಲದಲ್ಲಿ ಕರೆಂಟ್ ನಂಬಲು ಆಗಲ್ಲ ಅಂತ ಎರಡು ದಿನ ಮೊದಲೇ ಮುಗಿಸುತ್ತೇನೆ, ಇಷ್ಟು ದಿನದಲ್ಲಿ ಒಂದು ಸಲವೂ ಲೇಟ್ ಫೀ ಕಟ್ಟಿಲ್ಲ.

ಟ್ಯಾಲಿಯಲ್ಲಿ ಏನಾದರೂ ಮಾಡಿಸಿ ನೋಡಬೇಕು ಅಂತಿದ್ದರೆ ಬುಧವಾರ ಮಧ್ಯಾಹ್ನದೊಳಗೆ ಮೇಲ್‌ಗೆ ಕಳಿಸಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡಿ ಗುರುವಾರಕ್ಕೆ ಮೊದಲೇ ವಾಪಸ್ ಕಳಿಸುತ್ತೇನೆ, ಯಾಕೆ ಹಾಗೆ ಮಾಡಿದೆ ಅಂತ ಫೋನಿನಲ್ಲಿ ಕೇಳಿ.

ಮುಖ ನೋಡಿಯೇ ಮಾತಾಡಬೇಕು ಅನ್ನುವುದು ನಿಮ್ಮ ಕಡೆಯ ನಿಯಮವಾದರೆ ಅದಕ್ಕೂ ತಯಾರಿದ್ದೇನೆ. 18ರ ಶನಿವಾರ ಚಿಕ್ಕಮಗಳೂರಿನ ಚಿಕ್ಕಮ್ಮನ ಮನೆಗೆ ಹೋಗಿ ವಿಡಿಯೋದಲ್ಲಿ ಬರುತ್ತೇನೆ, ಇಲ್ಲ ಹಾಸನ ಶಾಖೆಗೇ ಬಾ ಅಂದರೂ ಬರುತ್ತೇನೆ. ಗುರುವಾರ ಮಾತ್ರ ಫೋನ್ ಆದರೆ ಒಳ್ಳೆಯದು. ಬೆಳಗ್ಗೆ ಬಸ್ ನಂಬಿ ಹೊರಟು, ದಾರಿಯಲ್ಲಿ ಮರ ಬಿದ್ದು, ನಿಮ್ಮನ್ನು ಕಾಯಿಸುವುದು ನನಗೆ ಇಷ್ಟವಿಲ್ಲ.

ಬಯೋಡೇಟಾದಲ್ಲಿರುವ ಮೊದಲನೇ ನಂಬರಿಗೇ ಮಾಡಿ. 10:45ರಿಂದ ಫೋನ್ ಹಿಡಿದು ಜಗಲಿಯಲ್ಲೇ ಇರುತ್ತೇನೆ. ಮಧ್ಯೆ ಕಟ್ ಆದರೆ ನಾನೇ ತಕ್ಷಣ ವಾಪಸ್ ಮಾಡುತ್ತೇನೆ, ಅದೂ ಆಗದಿದ್ದರೆ ಎರಡನೇ ನಂಬರು ಬೇರೆ ಕಂಪನಿಯ ಸಿಮ್, ಅದಕ್ಕೆ ಮಾಡಿ. ಚಾರ್ಜ್ ಹಿಂದಿನ ದಿನವೇ ತುಂಬಿಸಿ ಇಟ್ಟಿರುತ್ತೇನೆ.

ಇನ್ನೊಂದು ಮಾತು. ಫೋನ್ ಆಗುತ್ತೆ, ಆಗಲ್ಲ ಅನ್ನುವುದನ್ನು ಮೇಲ್ ಜೊತೆ ಒಂದು ಎಸ್‌ಎಂಎಸ್ ಕೂಡ ಹಾಕುತ್ತೀರಾ? ಮೇಲ್ ನಾನು ನಾಳೆ ಮತ್ತೆ ಪೇಟೆಗೆ ಬಂದ ಮೇಲೆಯೇ ನೋಡುವುದು, ಎಸ್‌ಎಂಎಸ್ ಆದರೆ ಮನೆಯಲ್ಲೇ ಸಿಗುತ್ತದೆ.

ಇಂತಿ,
ಸವಿತಾ
ಕೊಟ್ಟಿಗೆಹಾರ, ಮೂಡಿಗೆರೆ ತಾಲ್ಲೂಕು